ಒಂದೇ ಪದದ ಕಲಾನಾಮ ಆರಿಸುವವರಿಗೆ

ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬ ಹೆಸರಿನ ಮೊದಲಕ್ಷರಗಳಿಂದ ಮೂಡಿದ ‘ಕುವೆಂಪು’ವನ್ನು ಗಟ್ಟಿಯಾಗಿ ಹೇಳಿ ನೋಡಿ: ‘ಕು’ ಎಂಬ ಸ್ಫುಟವಾದ ಆರಂಭ, ಅನುಸ್ವಾರದಿಂದ ಗುರುವಾಗಿ ಒತ್ತು ಪಡೆಯುವ ‘ವೆಂ’, ತುಟಿ ಮುಚ್ಚಿ ತೆರೆಯುವ ‘ಪು’. ಮೂರೇ ಅಕ್ಷರಗಳಾದ್ದರಿಂದ ಯಾರೂ ಅದನ್ನು ಮೊಟಕುಗೊಳಿಸುವುದಿಲ್ಲ. ಹೆಸರು ಇಡಿಯಾಗಿಯೇ ನೆನಪಿನಲ್ಲಿ ಉಳಿಯುತ್ತದೆ.

ಹೊಸ ಗಾಯಕರು ಎರಡರಿಂದ ನಾಲ್ಕು ಅಕ್ಷರಗಳೊಳಗೆ, ಒಂದಾದರೂ ಗುರುವಿರುವ ಪದವನ್ನು ಹುಡುಕುವುದು ಒಳ್ಳೆಯದು. ಬಳಿಕ ಅದನ್ನು ಫೋನಿನಲ್ಲಿ ಒಮ್ಮೆ ಮಾತ್ರ ಹೇಳಿ, ಕೇಳಿದವರಿಂದ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಸಿರಿ. ‘ಧಾರಿಣಿ’ಯನ್ನು ಒಬ್ಬರು Dharini ಎಂದೂ ಇನ್ನೊಬ್ಬರು Dhaarini ಎಂದೂ ಬರೆಯಬಹುದಾದ್ದರಿಂದ ಹುಡುಕುವವರು ದಾರಿ ತಪ್ಪುತ್ತಾರೆ, ‘ಮಿಂಚು’ ಬಹುತೇಕ Minchu ಎಂದೇ ಬರುತ್ತದೆ. ಆದರೆ ಅದು ಬಳಕೆಯ ಮಾತಾದ್ದರಿಂದ, ಆ ಹೆಸರಿನಲ್ಲಿ ಈಗಾಗಲೇ ಬೇರೆ ಕಲಾವಿದರಿದ್ದಾರೆಯೇ ಎಂದು ಹಾಡಿನ ಆ್ಯಪ್‌ಗಳಲ್ಲಿ ಮೊದಲೇ ಹುಡುಕಿ ನೋಡಬೇಕು.