ಸಿಆರ್‌ಪಿ 8.6, ಹೋಮೋಸಿಸ್ಟೀನ್ 34: ಇಂಥ ರಿಪೋರ್ಟ್ ಓದುವುದು ಹೇಗೆ?

ಮೇ ತಿಂಗಳ ಒಂದು ರಾತ್ರಿ ಸಿಂಧನೂರಿನಿಂದ ಸೋದರಮಾವನ ಫೋನ್. ಊರಲ್ಲಿ ನಡೆದ ತಪಾಸಣಾ ಶಿಬಿರದಲ್ಲಿ ಪೂರ್ತಿ ಪ್ಯಾಕೇಜ್ ಮಾಡಿಸಿದ್ದರು. "ಅಳಿಯಾ, ಎರಡು ಸಾಲು ಕೆಂಪಗ ಬಂದಾವ ನೋಡು. ಒಂದು 8.6 ಐತಿ, ಇನ್ನೊಂದು 34. ಹೃದಯಕ್ಕ ಹೆಚ್ಚಿನ ಅಪಾಯ ಅಂತ ಬರದಾರ. ನೀ ಲ್ಯಾಬಿನಾಗ ಇರಾಂವ, ಖರೆ ಹೇಳು."

ನಾನು ರಾಯಚೂರಿನ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವವನು. ಮಾವನಿಗೆ 54 ವರ್ಷ, ದಲಾಲಿ ಅಂಗಡಿ ನಡೆಸುತ್ತಾರೆ, ಶುದ್ಧ ಸಸ್ಯಾಹಾರಿ. ಬೀಡಿ, ಸಿಗರೇಟು ಇಲ್ಲ. ಸಕ್ಕರೆ ಕಾಯಿಲೆಯೂ ಇಲ್ಲ. ಆ ರಿಪೋರ್ಟನ್ನು ನಾವು ಹೇಗೆ ಬಿಡಿಸಿ ಓದಿದೆವು ಅನ್ನುವುದನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ನೋಡಬೇಕಾದದ್ದು ಪರೀಕ್ಷೆಯ ಹೆಸರು ಮತ್ತು ಅಳತೆ. ಸಿಆರ್‌ಪಿ ಅನ್ನುವುದು ಉರಿಯೂತ ಆದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನ್. ಅದರ ಪರೀಕ್ಷೆಯಲ್ಲಿ ಎರಡು ಬಗೆ. ಸಾಮಾನ್ಯ ಸಿಆರ್‌ಪಿ ಜ್ವರ, ಸೋಂಕು ಹುಡುಕಲು ಇರುವಂಥದ್ದು. ತೀರಾ ಕಡಿಮೆ ಪ್ರಮಾಣಗಳ ನಡುವಿನ ವ್ಯತ್ಯಾಸ ಅದಕ್ಕೆ ಸಿಗುವುದಿಲ್ಲ. ಹೃದಯದ ಲೆಕ್ಕಕ್ಕೆ ಬೇಕಾದದ್ದು ಎಚ್‌ಎಸ್-ಸಿಆರ್‌ಪಿ, ಅಂದರೆ ಸೂಕ್ಷ್ಮ ಅಳತೆಯದ್ದು. ಅದರಲ್ಲಿ 1ಕ್ಕಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ, 1ರಿಂದ 3 ನಡುವಿನದು, 3ಕ್ಕಿಂತ ಮೇಲೆ ಹೆಚ್ಚು. ಈ ಅಂಕಿಗಳೆಲ್ಲ mg/L ಲೆಕ್ಕದವು. ಕೆಲವು ಲ್ಯಾಬ್‌ಗಳು mg/dL ಎಂದು ಅಚ್ಚು ಹಾಕುತ್ತವೆ. ಆಗ 0.3 ಎಂದಿದ್ದರೆ ಅದು 3ಕ್ಕೆ ಸಮ, ಹತ್ತು ಪಟ್ಟಿನ ವ್ಯತ್ಯಾಸ. ಮಾವನದ್ದು ಎಚ್‌ಎಸ್-ಸಿಆರ್‌ಪಿಯೇ, mg/L ನಲ್ಲೇ ಇತ್ತು.

ಆಮೇಲೆ ಕೇಳಿದ್ದು, ಹಿಂದಿನ ಎರಡು ಮೂರು ವಾರ ಮೈ ಹೇಗಿತ್ತು ಎಂದು. ಸಿಆರ್‌ಪಿ ತಯಾರಾಗುವುದು ಯಕೃತ್ತಿನಲ್ಲಿ. ದೇಹದಲ್ಲಿ ಎಲ್ಲೇ ಉರಿಯೂತ ಆದರೂ ಯಕೃತ್ತು ಅದನ್ನು ರಕ್ತಕ್ಕೆ ಬಿಡುತ್ತದೆ. ಅದು ರಕ್ತನಾಳದ ಗೋಡೆಯ ಉರಿಯೂತವೋ, ಕಾಲಿನ ಗಾಯವೋ ಎಂದು ಅಂಕಿ ಹೇಳುವುದಿಲ್ಲ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ದವಡಿ ಹಲ್ಲಿಗೆ ಕೀವು ತುಂಬಿತ್ತಪಾ, ಗಲ್ಲ ಬಾತಿತ್ತು" ಅಂದರು. ಶಿಬಿರದ ದಿನವೂ ಬಾವು ಪೂರ್ತಿ ಇಳಿದಿರಲಿಲ್ಲವಂತೆ. ಹಾಗಾದರೆ ಆ 8.6 ಹಲ್ಲಿನದ್ದೇ ಇರಬಹುದು. ಅಂಕಿ 10 ದಾಟಿದ್ದರಂತೂ ಅದನ್ನು ಹೃದಯದ ಲೆಕ್ಕಕ್ಕೆ ಹಿಡಿಯಲೇಬಾರದು. ಮೊದಲು ಸೋಂಕನ್ನೋ ಬೇರೆ ಕಾಯಿಲೆಯನ್ನೋ ಹುಡುಕಬೇಕು.

ಆದ್ದರಿಂದ ಮೈ ನೆಟ್ಟಗಿದ್ದಾಗ ಎರಡು ವಾರದ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ, ಸರಾಸರಿ ತೆಗೆಯಬೇಕು. ಉಪವಾಸ ಬೇಕಿಲ್ಲ. ಮಾವ ಹಲ್ಲು ಕೀಳಿಸಿ, ಗಾಯ ಮಾಗಿದ ಮೇಲೆ ಬಂದರು. ಮೊದಲ ಸಲ 1.4, ಎರಡನೇ ಸಲ 1.6. ಸರಾಸರಿ 1.5. ಕೆಂಪು ಸಾಲು ಅಲ್ಲಿಗೆ ಹೋಯಿತು.

ಈಗ ನಿಜವಾದ ಪ್ರಶ್ನೆ. ಅಂಕಿ ಇಳಿಯದೆ 4.5ರಲ್ಲೇ ನಿಂತಿದ್ದರೆ? ಇದನ್ನು ತಿಳಿಯಲು ಮೊದಲು ಸಿಆರ್‌ಪಿಯನ್ನು ಬದಿಗಿಟ್ಟು ಹಳೆಯ ಲೆಕ್ಕ ಮಾಡಬೇಕು. ಮಾವನ ಮೇಲಿನ ಬಿಪಿ 142, ಒಟ್ಟು ಕೊಲೆಸ್ಟ್ರಾಲ್ 210, ಒಳ್ಳೆಯ ಕೊಲೆಸ್ಟ್ರಾಲ್ 38. ವಯಸ್ಸಿನ ಜೊತೆ ಇವನ್ನು ಅಪಾಯ ಲೆಕ್ಕ ಹಾಕುವ ಕ್ಯಾಲ್ಕುಲೇಟರಿಗೆ ಕೊಟ್ಟಾಗ ಡಾಕ್ಟರಿಗೆ ಸಿಕ್ಕ ಉತ್ತರ 8. ಇಂಥವರೇ ನೂರು ಜನರಿದ್ದರೆ ಮುಂದಿನ ಹತ್ತು ವರ್ಷದಲ್ಲಿ ಸುಮಾರು ಎಂಟು ಮಂದಿಗೆ ಹೃದಯಾಘಾತವೋ ಪಾರ್ಶ್ವವಾಯುವೋ ಆಗಬಹುದು ಎಂದು ಅರ್ಥ. ಆ ಕ್ಯಾಲ್ಕುಲೇಟರ್ ಅಮೆರಿಕದ ಜನರ ಮಾಹಿತಿಯಿಂದ ಕಟ್ಟಿದ್ದು. ನಮ್ಮವರ ಅಪಾಯವನ್ನು ಅದು ಕಡಿಮೆ ತೋರಿಸುವ ಸಾಧ್ಯತೆ ಇರುವುದರಿಂದ ಡಾಕ್ಟರು ಆ 8ನ್ನು ಕೆಳಮಿತಿ ಎಂದೇ ಹಿಡಿದರು.

ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಕಂಡದ್ದು ಹೀಗಿದೆ. ಸಿಆರ್‌ಪಿ ಮೂರು ಪಟ್ಟು ಹೆಚ್ಚಿದ್ದವರಲ್ಲಿ, ಬಿಪಿ, ಕೊಲೆಸ್ಟ್ರಾಲ್ ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಹೃದಯ ಕಾಯಿಲೆಯ ಅಪಾಯ ಸುಮಾರು 1.37 ಪಟ್ಟು. ಮಾವನ 1.5 ಎಲ್ಲಿ, 4.5 ಎಲ್ಲಿ, ಸರಿಯಾಗಿ ಮೂರು ಪಟ್ಟು. ಒರಟಾಗಿ ಗುಣಿಸಿದರೆ 8 ಹೋಗಿ 11 ಆಗುತ್ತದೆ. ಆದರೆ 8 ಇದ್ದರೂ 11 ಇದ್ದರೂ ಅದು ಮಧ್ಯಮ ಅಪಾಯವೇ. ಡಾಕ್ಟರು ಎರಡಕ್ಕೂ ಒಂದೇ ಮಾತು ಹೇಳುತ್ತಿದ್ದರು: ಬಿಪಿ ಇಳಿಸಿ, ಕೊಲೆಸ್ಟ್ರಾಲ್ ಮಾತ್ರೆಯ ಬಗ್ಗೆ ಕೂತು ಮಾತಾಡೋಣ.

ಅಪಾಯದ ಜೊತೆ ನಂಟಿದ್ದರೂ ಮುನ್ಸೂಚನೆ ಯಾಕೆ ಅಷ್ಟಾಗಿ ಸುಧಾರಿಸುವುದಿಲ್ಲ? ಹೊಟ್ಟೆ ಬಂದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ಬೀಡಿ ಸೇದುವವರಲ್ಲಿ ಸಿಆರ್‌ಪಿ ಹೇಗೂ ಮೇಲೇ ಇರುತ್ತದೆ. ಅವರ ಅಪಾಯದ ಬಹುಪಾಲು ಹಳೆಯ ಲೆಕ್ಕದಲ್ಲಿ ಆಗಲೇ ಸೇರಿರುತ್ತದೆ. 2012ರಲ್ಲಿ 52 ಅಧ್ಯಯನಗಳ ಸುಮಾರು 2.46 ಲಕ್ಷ ಜನರ ಮಾಹಿತಿಯನ್ನು ಒಟ್ಟಿಗೆ ನೋಡಿದಾಗ, ಮಧ್ಯಮ ಅಪಾಯದ 400ರಿಂದ 500 ಜನರಿಗೆ ಈ ಪರೀಕ್ಷೆ ಮಾಡಿದರೆ ಹತ್ತು ವರ್ಷದಲ್ಲಿ ಹೆಚ್ಚುವರಿಯಾಗಿ ಒಂದು ಆಘಾತ ತಪ್ಪಿಸಬಹುದು ಎಂಬ ಅಂದಾಜು ಸಿಕ್ಕಿತು. ಇದನ್ನು ಸೊನ್ನೆ ಅನ್ನಲಾಗದು. ಆದರೆ ಪ್ಯಾಕೇಜಿನಲ್ಲಿ ಎಲ್ಲರಿಗೂ ಹಾಕುವಷ್ಟು ದೊಡ್ಡದೂ ಅಲ್ಲ ಎಂಬುದು ನನ್ನ ಅಭಿಪ್ರಾಯ.

ಉಪಯೋಗ ಬರುವ ಜಾಗ ಒಂದಿದೆ. ಸ್ಟ್ಯಾಟಿನ್, ಅಂದರೆ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ, ಶುರು ಮಾಡಬೇಕೋ ಬೇಡವೋ ಎಂದು ಡಾಕ್ಟರೂ ರೋಗಿಯೂ ತೂಗುತ್ತಾ ಕೂತಾಗ, ಮತ್ತೆ ಮತ್ತೆ 2 ಅಥವಾ ಹೆಚ್ಚು ಬರುವ ಅಂಕಿ ತಕ್ಕಡಿಯನ್ನು ಮಾತ್ರೆಯ ಕಡೆ ವಾಲಿಸಬಹುದು. 2018ರ ಅಮೆರಿಕದ ಮಾರ್ಗಸೂಚಿ ಅದನ್ನು ಇದೇ ಜಾಗದಲ್ಲಿ ಇಟ್ಟಿತು. ಅಪಾಯ ತೀರಾ ಕಡಿಮೆ ಇರುವ ಮೂವತ್ತರ ಹುಡುಗನಿಗಾಗಲಿ, ಆಗಲೇ ಸ್ಟೆಂಟ್ ಹಾಕಿಸಿಕೊಂಡು ಮಾತ್ರೆ ನುಂಗುತ್ತಿರುವವರಿಗಾಗಲಿ ಮಾತ್ರೆ ಬೇಕೋ ಬೇಡವೋ ಎಂಬ ಆ ಪ್ರಶ್ನೆಯೇ ಇಲ್ಲ.

ಇನ್ನು ಹೋಮೋಸಿಸ್ಟೀನ್. ಅದು ರಕ್ತದಲ್ಲಿರುವ ಒಂದು ಅಮೈನೋ ಆಮ್ಲ. ಇದರಲ್ಲಿ ನನಗೆ ಮೊದಲು ಅನುಮಾನ ಬಂದದ್ದು ಟ್ಯೂಬಿನ ಮೇಲೆ. ರಕ್ತ ತೆಗೆದ ಮೇಲೂ ಟ್ಯೂಬಿನೊಳಗಿನ ಕೆಂಪು ಕಣಗಳು ಹೋಮೋಸಿಸ್ಟೀನ್ ಬಿಡುತ್ತಲೇ ಇರುತ್ತವೆ. ಅದಕ್ಕೇ ಟ್ಯೂಬನ್ನು ಕೂಡಲೇ ಮಂಜುಗಡ್ಡೆಯಲ್ಲಿಟ್ಟು, ಒಂದು ಗಂಟೆಯೊಳಗೆ ಯಂತ್ರದಲ್ಲಿ ತಿರುಗಿಸಿ ಕಣಗಳನ್ನು ಬೇರ್ಪಡಿಸಬೇಕು. ಹಾಗೇ ಬಿಟ್ಟರೆ ಗಂಟೆಗೆ ಹೆಚ್ಚುಕಡಿಮೆ ಒಂದು ಅಂಕ ಏರುತ್ತದೆ, ಬಿಸಿಲಿದ್ದರೆ ಇನ್ನೂ ಬೇಗ. ಮಾವನ ರಕ್ತ ತೆಗೆದದ್ದು ಬೆಳಿಗ್ಗೆ ಹತ್ತಕ್ಕೆ. ಟ್ಯೂಬುಗಳು ಪೆಟ್ಟಿಗೆಯಲ್ಲಿ ಕೂತು ಸಂಜೆ ಬಸ್ಸಿನಲ್ಲಿ ಹೊರಟವು. ನಮ್ಮ ಕಡೆ ಮೇ ತಿಂಗಳ ಬಿಸಿಲು ಹೇಗಿರುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ನಾನೇ ರಕ್ತ ತೆಗೆದು, ಮಂಜಿನಲ್ಲಿಟ್ಟು, ಇಪ್ಪತ್ತು ನಿಮಿಷದಲ್ಲಿ ಬೇರ್ಪಡಿಸಿ ನೋಡಿದೆ. 34 ಅಲ್ಲ, 26. ಆದರೂ 15ರ ಮಿತಿ ದಾಟಿತ್ತು. ಹಾಗಾಗಿ ಕಾರಣ ಹುಡುಕಬೇಕಿತ್ತು: ಬಿ12, ಫೋಲಿಕ್ ಆಮ್ಲ, ಮೂತ್ರಪಿಂಡ, ಥೈರಾಯ್ಡ್. ಉಳಿದದ್ದೆಲ್ಲ ಸರಿ ಇತ್ತು, ಬಿ12 ಮಾತ್ರ ಕಡಿಮೆ, 142. ಮಾಂಸ, ಮೊಟ್ಟೆ ಇಲ್ಲ, ಹಾಲೂ ಚಹಾಕ್ಕಷ್ಟೇ ಅನ್ನುವವರಲ್ಲಿ ಇದು ನಾನು ದಿನಾ ನೋಡುವ ಅಂಕಿ. ಕೇಳಿದ ಮೇಲೆ ಮಾವ ರಾತ್ರಿ ಪಾದ ಜೋಮು ಹಿಡಿಯುವುದನ್ನೂ ಹೇಳಿದರು. ಬಿ12 ಕೊಟ್ಟ ಮೂರು ತಿಂಗಳಿಗೆ ಹೋಮೋಸಿಸ್ಟೀನ್ 13ಕ್ಕೆ ಇಳಿಯಿತು, ಜೋಮೂ ಕಡಿಮೆಯಾಯಿತು.

"ಹಂಗಾರ ಹಾರ್ಟಿನ ಚಿಂತಿ ಹೋತಲ್ಲೋ?" ಎಂದರು ಮಾವ. ಇಲ್ಲ. 2006ರಲ್ಲಿ ಪ್ರಕಟವಾದ ಹೋಪ್-2 ಪ್ರಯೋಗದಲ್ಲಿ 5,522 ಜನರಿಗೆ ಸುಮಾರು ಐದು ವರ್ಷ ಫೋಲಿಕ್ ಆಮ್ಲ, ಬಿ6, ಬಿ12 ಅಥವಾ ಖಾಲಿ ಮಾತ್ರೆ ಕೊಟ್ಟು ನೋಡಿದ್ದರು. ವಿಟಮಿನ್ ತೆಗೆದುಕೊಂಡವರಲ್ಲಿ ಹೋಮೋಸಿಸ್ಟೀನ್ ಇಳಿಯಿತು. ಹೃದಯಾಘಾತವಾಗಲಿ, ಹೃದಯ ಕಾಯಿಲೆಯ ಸಾವಾಗಲಿ ಇಳಿಯಲಿಲ್ಲ. ಮಾವನ ಬಿ12 ಚಿಕಿತ್ಸೆ ನರಗಳಿಗಾಗಿ ಮಾಡಿದ್ದು, ಅದು ಮಾಡಲೇಬೇಕಾದ ಚಿಕಿತ್ಸೆ. ಹೃದಯದ ಹೆಸರಿನಲ್ಲಿ ಬರೀ ಫೋಲಿಕ್ ಆಮ್ಲದ ಮಾತ್ರೆ ನುಂಗುವುದು ಮಾತ್ರ ಬೇಡ. ಬಿ12 ಕೊರತೆ ಇದ್ದವರಲ್ಲಿ ಅದು ರಕ್ತಹೀನತೆಯನ್ನು ಮರೆಮಾಚುತ್ತದೆ, ಒಳಗೆ ನರಗಳು ಹಾಳಾಗುತ್ತಲೇ ಇರುತ್ತವೆ.

ಮಾವನ 8 ಹಾಗೇ ಉಳಿದಿತ್ತು, ಅದಕ್ಕೆ ಕಾರಣವಾದ 142ರ ಬಿಪಿಯೂ ಉಳಿದಿತ್ತು. ಡಾಕ್ಟರು ಉಪ್ಪಿನಕಾಯಿ, ಹಪ್ಪಳ ಬಿಡಿಸಿದರು, ಸಣ್ಣ ಪ್ರಮಾಣದ ಸ್ಟ್ಯಾಟಿನ್ ಬರೆದರು. ಈ ವರ್ಷ ಮಾವ ಪ್ಯಾಕೇಜ್ ಮಾಡಿಸದೆ ಬಿಪಿ ನೋಡುವ ಯಂತ್ರ ಕೊಂಡಿದ್ದಾರೆ. ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ಕೂತು ಎರಡು ಸಲ ನೋಡಿ, ರೋಜಕೀರ್ದಿಯ ಕೊನೆಯ ಹಾಳೆಯಲ್ಲಿ ಬರೆದಿಡುತ್ತಾರೆ. ಹೋದ ವಾರ ನಾನು ನೋಡಿದಾಗ ಕೊನೆಯ ಸಾಲಿನಲ್ಲಿ 128 ಇತ್ತು.