ಹಿಟ್ಟಿನ ಡಬ್ಬದ ಗೆರೆ

ಸ್ನಾತಕೋತ್ತರ ಓದಿಗೆ ಸಿಗುವ ಒಂದು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವಾಗ ಐನೂರು ಪದಗಳ ಪ್ರಬಂಧ ಕೇಳಿದ್ದರು. ‘ನೀವು ಎದುರಿಸಿದ ಕಷ್ಟ ಮತ್ತು ಅದರ ಆಚೆಗೆ ನಿಮ್ಮ ಓದು’ ಎಂಬುದು ವಿಷಯ. ಕನ್ನಡದಲ್ಲಿಯೂ ಬರೆಯಬಹುದಿತ್ತು. ಒಂದೇ ರಾತ್ರಿಯಲ್ಲಿ ಬರೆದು ಮುಗಿಸಿದೆ. ಮಾನ್ವಿ ತಾಲ್ಲೂಕಿನ ಕಾಲುವೆಯ ಕೊನೆ ಭಾಗದ ಊರು ನಮ್ಮದು. ಅಪ್ಪ ಅವ್ವ ಗುಳೆ ಹೋದವರು. ಬರೆಯುವುದಕ್ಕೆ ಕಷ್ಟವನ್ನು ಹುಡುಕಬೇಕಾಗಿರಲಿಲ್ಲ.

ಆ ಮೊದಲ ಪ್ರತಿಯ ಆರಂಭ ಹೀಗಿತ್ತು: “ನನ್ನ ಬಾಲ್ಯವೇ ಒಂದು ಕಣ್ಣೀರಿನ ಕಡಲು. ಕಿತ್ತು ತಿನ್ನುವ ಬಡತನದಲ್ಲಿ ಬೆಂದು ಬಸವಳಿದ ನನ್ನ ತಂದೆತಾಯಿ ಹೊಟ್ಟೆಪಾಡಿಗಾಗಿ ಊರು ಬಿಟ್ಟಾಗ ನನ್ನ ಎಳೆಯ ಹೃದಯ ಚೂರುಚೂರಾಯಿತು. ಹಸಿವಿನಿಂದ ನರಳಿದ ದಿನಗಳಿಗೆ ಲೆಕ್ಕವಿಲ್ಲ.”

ಬರೆಯುವಾಗ ನಾನು ನಿಜವಾಗಿಯೂ ಅತ್ತಿದ್ದೆ. ಆದ್ದರಿಂದ ಓದಿದವರೂ ಅಳುತ್ತಾರೆ ಎಂದುಕೊಂಡೆ. ಕಾಲೇಜಿನ ಕನ್ನಡ ಮೇಡಂ ಅದನ್ನು ಎರಡು ಸಲ ಓದಿದರು. “ಇದರಲ್ಲಿ ನಿನ್ನ ಹೆಸರು ತೆಗೆದು ನಿನ್ನ ಗೆಳತಿಯ ಹೆಸರು ಹಾಕಿದರೆ ಯಾವ ಸಾಲನ್ನು ಬದಲಿಸಬೇಕಾಗುತ್ತದೆ, ಗುರುತು ಹಾಕಿಕೊಂಡು ಬಾ” ಎಂದರು. ಗುರುತು ಹಾಕಲು ಕುಳಿತಾಗ ಊರಿನ ಹೆಸರು ಮತ್ತು ನನ್ನ ಅಂಕಗಳನ್ನು ಬಿಟ್ಟರೆ ಒಂದೂ ಸಿಗಲಿಲ್ಲ. ಕಣ್ಣೀರು ಎಂಬ ಪದವೇ ಆರು ಕಡೆ ಇತ್ತು. ವಿಧಿ ಎರಡು ಕಡೆ ಆಟವಾಡಿತ್ತು.

ಆ ರಾತ್ರಿ ಅದನ್ನೇ ಅವ್ವನಿಗೆ ಓದಿ ಹೇಳಿದೆ. ಅವ್ವನಿಗೆ ಓದು ಬರುವುದಿಲ್ಲ, ಆದರೆ ಕೇಳಿದ ಮಾತನ್ನು ತೂಗಿ ನೋಡುವುದು ಗೊತ್ತು. ಹಸಿವಿನ ಸಾಲಿಗೆ ಬಂದಾಗ ಕೈ ಎತ್ತಿ ನಿಲ್ಲಿಸಿದಳು. “ನಾವು ಯಾವಾಗ ಉಪವಾಸ ಇದ್ದೆವು? ತಿಂಗಳಿಗೊಮ್ಮೆ ಪಡಿತರದ ಅಕ್ಕಿ ಬರುತ್ತಿತ್ತಲ್ಲ? ಜೋಳ ಮುಗಿಯದ ಹಾಗೆ ನಾನು ಡಬ್ಬಕ್ಕೆ ಗೆರೆ ಹಾಕಿ ಹೋಗುತ್ತಿರಲಿಲ್ಲವೇ?” ಎಂದಳು. ಅವಳ ಮುಖದಲ್ಲಿ ನೋವಿತ್ತು. ಅವಳು ಅಷ್ಟು ಜೋಪಾನವಾಗಿ ನಡೆಸಿದ ಸಂಸಾರವನ್ನು ನಾನು ಭಿಕ್ಷೆಯ ಸಂಸಾರ ಮಾಡಿಬಿಟ್ಟಿದ್ದೆ. ಆ ಸಾಲು ಅತಿಶಯ ಮಾತ್ರವಲ್ಲ, ಸುಳ್ಳು. ಸಂದರ್ಶನದಲ್ಲಿ ಯಾರಾದರೂ ಕೆದಕಿ ಕೇಳಿದ್ದರೆ ಉತ್ತರಿಸಲಾಗದೆ ಕೂರುತ್ತಿದ್ದೆ.

ಮರುದಿನ ಕೆಂಪು ಪೆನ್ನು ಹಿಡಿದು ಒಂದೇ ಕೆಲಸ ಮಾಡಿದೆ. ಓದುವವರು ಏನನ್ನು ಅನುಭವಿಸಬೇಕು ಎಂದು ನಾನೇ ಹೇಳಿಕೊಟ್ಟ ಪದಗಳನ್ನೆಲ್ಲ ಹೊಡೆದು ಹಾಕಿದೆ: ಕಡು, ಘೋರ, ಕರುಳು ಹಿಂಡುವ, ಎದೆ ಒಡೆದ. ಹೊಡೆದ ಪ್ರತಿಯೊಂದು ಜಾಗದಲ್ಲಿಯೂ ‘ಆಗ ನನ್ನ ಕಣ್ಣಿಗೆ ಏನು ಕಂಡಿತು?’ ಎಂದು ಕೇಳಿಕೊಂಡೆ. ಏನೂ ನೆನಪಾಗದಿದ್ದರೆ ಆ ವಾಕ್ಯವನ್ನೇ ಬಿಟ್ಟೆ. ನೆನಪಾದಲ್ಲಿ ಕಂಡದ್ದನ್ನಷ್ಟೇ ಬರೆದೆ. ಮೊದಲ ಪ್ಯಾರಾ ಹೀಗಾಯಿತು:

“ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ, ಸಂಕ್ರಾಂತಿ ಕಳೆದ ಮೇಲೆ, ಅಪ್ಪ ಅವ್ವ ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಗುಳೆ ಹೋದರು. ಅಜ್ಜಿ, ತಮ್ಮ ಮತ್ತು ನಾನು ಉಳಿದೆವು. ಹೊರಡುವ ದಿನ ಅವ್ವ ಜೋಳದ ಹಿಟ್ಟಿನ ಡಬ್ಬದ ಒಳಗೆ ಮೊಳೆಯಿಂದ ಗೆರೆ ಎಳೆದು, ಹಿಟ್ಟು ಇಲ್ಲಿಗೆ ಇಳಿದಾಗ ಫೋನ್ ಮಾಡು ಎಂದಳು. ಹಿಟ್ಟು ಗೆರೆಗೆ ಇಳಿದದ್ದು ಒಂದು ಗುರುವಾರ. ನಾನು ಫೋನ್ ಮಾಡಿದ್ದು ಶನಿವಾರ ಸಂಜೆ, ಅಪ್ಪನಿಗೆ ಬಟವಾಡೆ ಆದ ಮೇಲೆ.”

ಕೊನೆಯ ಎರಡು ವಾಕ್ಯ ಅವ್ವ ಹೇಳಿದ್ದಲ್ಲ, ಗೆರೆಯ ಮಾತು ಬಂದ ಮೇಲೆ ನನಗೆ ನೆನಪಾದದ್ದು. ಅದರಲ್ಲಿ ಬಡತನ ಎಂಬ ಪದವಿಲ್ಲ. ಹದಿನಾಲ್ಕರ ಹುಡುಗಿ ಏಕೆ ಎರಡು ದಿನ ಕಾದಳು ಎಂಬುದನ್ನು ಓದುವವರೇ ಕೂಡಿಸಿಕೊಳ್ಳಬೇಕು. ಅವರು ಕೂಡಿಸಿಕೊಂಡ ಅರ್ಥ ಅವರದಾಗುತ್ತದೆ. ನಾನು ವಿವರಿಸಿದ್ದರೆ ಅದು ನನ್ನ ಗೋಳಾಗಿಯೇ ಉಳಿಯುತ್ತಿತ್ತು.

ಆದರೆ ಈ ಹುರುಪಿನಲ್ಲಿ ಕತ್ತರಿಸುತ್ತ ಹೋದ ಎರಡನೆಯ ಪ್ರತಿ ಪಂಚಾಯಿತಿಯ ವರದಿಯಂತಾಯಿತು. ತಾರೀಖು, ಕೂಲಿ, ಶಾಲೆಯ ಹಾಜರಾತಿ, ಅಷ್ಟೇ. ಮೇಡಂ ಓದಿ, “ಇದೆಲ್ಲ ನಿನಗೆ ಆಯಿತು ಎಂದು ತಿಳಿಯಿತು. ನಿನಗೆ ಏನು ಅನಿಸಿತು ಎಂಬುದು ತಿಳಿಯಲಿಲ್ಲ” ಎಂದರು. ಭಾವನೆಯೇ ಇರಕೂಡದು ಎಂದು ನಾನು ತಪ್ಪು ತಿಳಿದಿದ್ದೆ. ಇಡೀ ಪ್ರಬಂಧದಲ್ಲಿ ಒಂದು ಕಡೆ ಮಾತ್ರ ನೇರವಾಗಿ ಹೇಳಲು ನಿರ್ಧರಿಸಿದೆ. ಆ ವರ್ಷ ನನಗೆ ಸಿಟ್ಟು ಬಂದದ್ದು ಅಪ್ಪ ಅವ್ವನ ಮೇಲೆ. ಅದನ್ನು ಯಾರಿಗೂ ಹೇಳಿರಲಿಲ್ಲ. “ಶಾಲೆಯ ವಾರ್ಷಿಕೋತ್ಸವಕ್ಕೆ ಬೇರೆ ಮಕ್ಕಳ ತಾಯಂದಿರು ಬಂದಾಗ ನನಗೆ ಅವ್ವನ ಮೇಲೆ ಸಿಟ್ಟು ಬಂತು” ಎಂದು ಒಂದೇ ವಾಕ್ಯ ಸೇರಿಸಿದೆ. ಚೂರಾದ ಹೃದಯಕ್ಕಿಂತ ಅದು ನಿಜವಾಗಿತ್ತು, ಬರೆಯಲು ಕಷ್ಟವೂ ಆಯಿತು.

ಅಳತೆಯ ತಪ್ಪು ಇನ್ನೊಂದು. ಪದಗಳನ್ನು ಎಣಿಸಿ ನೋಡಿದರೆ ಮೊದಲ ಪ್ರತಿಯಲ್ಲಿ ಸುಮಾರು ನಾನೂರು ಪದ ಕಷ್ಟಕ್ಕೇ ಹೋಗಿತ್ತು. ಅದರಲ್ಲಿ ನೂರೈವತ್ತು ಹೈದರಾಬಾದ್ ಕರ್ನಾಟಕದ ಇತಿಹಾಸ, ಆ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ, ಜಿಲ್ಲೆಯ ಹಿಂದುಳಿದಿರುವಿಕೆ. ಇವೆಲ್ಲ ನನಗೆ ಮುಖ್ಯವೆನಿಸುವ ಸಂಗತಿಗಳೇ, ಆದರೆ ಅಲ್ಲಿ ಜಿಲ್ಲೆ ಮಾತನಾಡುತ್ತಿತ್ತು, ನಾನು ಕಾಣೆಯಾಗಿದ್ದೆ. ಅದನ್ನೆಲ್ಲ ತೆಗೆದು ಒಂದು ವಾಕ್ಯ ಇಟ್ಟೆ: “ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆಯ ಉದ್ದ 226 ಕಿಲೋಮೀಟರ್, ನಮ್ಮ ಎರಡು ಎಕರೆ ಅದರ ಕೊನೆ ಭಾಗದಲ್ಲಿದೆ.” ಅಪ್ಪ ಏಕೆ ಗುಳೆ ಹೋಗುತ್ತಾರೆ ಎಂಬುದಕ್ಕೆ ಅಷ್ಟು ಸಾಕಾಯಿತು. ಅಲ್ಲಿಂದ ನನ್ನ ಓದಿಗೂ ದಾರಿ ಸಿಕ್ಕಿತು. ಕಾಲುವೆಯ ಮೇಲ್ಭಾಗದಲ್ಲಿ ನೀರು ಹೆಚ್ಚಾಗಿ ನೆಲ ಸವಳಾಗುತ್ತದೆ, ಕೊನೆ ಭಾಗದಲ್ಲಿ ಅದೇ ನೀರಿಗಾಗಿ ಜನ ಧರಣಿ ಕೂರುತ್ತಾರೆ. ನಾನು ಮಣ್ಣು ವಿಜ್ಞಾನ ಓದಬೇಕೆಂದಿರುವುದು ಇದೇ ಕಾರಣಕ್ಕೆ. ಕೊನೆಯ ಪ್ರತಿಯಲ್ಲಿ ಕಷ್ಟಕ್ಕೆ ನೂರೆಂಬತ್ತು ಪದ ಉಳಿದವು. ಮಿಕ್ಕದ್ದು ತಮ್ಮನನ್ನು ಶಾಲೆ ಬಿಡಿಸದೆ ಮನೆ ನಡೆಸಿದ ಬಗೆ, ಪದವಿಯಲ್ಲಿ ಮಾಡಿದ ಮಣ್ಣಿನ ಪರೀಕ್ಷೆಯ ಕೆಲಸ, ಹಣ ಯಾವುದಕ್ಕೆ ಬೇಕು ಎಂಬ ಲೆಕ್ಕ. ಸಂದರ್ಶನದಲ್ಲಿ ಅವರು ಹೆಚ್ಚು ಹೊತ್ತು ಕೇಳಿದ್ದು ಸವಳು ನೆಲದ ಬಗ್ಗೆಯೇ.

ಒಂದು ಸಂಗತಿಯನ್ನು ಮಾತ್ರ ಬೇಕೆಂದೇ ಬಿಟ್ಟೆ. ಮೇಸ್ತ್ರಿಯಿಂದ ಪಡೆದ ಮುಂಗಡ ತೀರದೆ ಅಪ್ಪ ಊರ ಮುಂದೆ ಮಾತು ಕೇಳಬೇಕಾದ ಒಂದು ದಿನವಿತ್ತು. ಬರೆದಿದ್ದರೆ ಖಂಡಿತ ನಾಟುತ್ತಿತ್ತು. ಆದರೆ ಅದು ಅಪ್ಪನ ಕಷ್ಟ, ಅದನ್ನು ಹೇಳುವ ಹಕ್ಕು ಅವರದು. ಕೇಳಿದಾಗ ಅವರು ಬೇಡ ಎಂದರು.

‘ನೀವು ಕೈ ಹಿಡಿದರೆ ಈ ಬಡ ಹೆಣ್ಣುಮಗಳ ಬಾಳು ಬೆಳಗುತ್ತದೆ’ ಎಂಬ ಮುಕ್ತಾಯವನ್ನು ಹೊಡೆದು ಹಾಕಿ, ಹಾಸ್ಟೆಲ್ ಮತ್ತು ಪುಸ್ತಕದ ಖರ್ಚಿನ ವಾಕ್ಯಕ್ಕೇ ಪ್ರಬಂಧವನ್ನು ನಿಲ್ಲಿಸಿದೆ.

ಕಳುಹಿಸುವ ಮುನ್ನ ಅವ್ವನಿಗೆ ಮತ್ತೊಮ್ಮೆ ಓದಿದೆ. ಸಿಟ್ಟಿನ ವಾಕ್ಯಕ್ಕೆ ಹೆದರಿದ್ದೆ. ಅವಳು ಅದಕ್ಕೆ ತಲೆಯಾಡಿಸಿ ಸುಮ್ಮನಾದಳು. ಮುಗಿದ ಮೇಲೆ ಮೊದಲ ಪ್ಯಾರಾವನ್ನು ಇನ್ನೊಮ್ಮೆ ಓದಿಸಿದಳು. “ಎರಡು ದಿನ ತಡ ಮಾಡಿದ್ದು ನನಗೆ ಗೊತ್ತೇ ಇರಲಿಲ್ಲ” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಆ ಎರಡು ದಿನ ಏನು ತಿಂದಿರಿ?” ಎಂದು ಕೇಳಿದಳು. ಅಜ್ಜಿ ಪಡಿತರದ ಅಕ್ಕಿಯ ಗಂಜಿ ಮಾಡಿದ್ದಳು ಎಂದೆ. ಗಂಜಿಯ ಮಾತನ್ನು ಪ್ರಬಂಧಕ್ಕೆ ಸೇರಿಸಲಿಲ್ಲ.