ತುದಿಗಳನ್ನು ಜೋಡಿಸಿದೆ, ಅನಂತವನ್ನು ಮರೆತೆ

ಬೈಲೀನಿಯರ್ ಟ್ರಾನ್ಸ್‌ಫಾರ್ಮೇಶನ್ ಲೆಕ್ಕಗಳನ್ನು ನಾನು ಬಹಳ ಕಾಲ ಒಂದೇ ಚಾಳಿಯಲ್ಲಿ ಮಾಡಿಕೊಂಡು ಬಂದಿದ್ದೆ. ಪ್ರದೇಶದ ಮೂಲೆಗಳನ್ನು ಸೂತ್ರಕ್ಕೆ ಹಾಕುವುದು, ಬಂದ ಬಿಂದುಗಳನ್ನು ಗುರುತಿಸುವುದು, ಅವುಗಳನ್ನು ಗೆರೆಯಿಂದಲೋ ಕಮಾನಿನಿಂದಲೋ ಜೋಡಿಸಿ ಒಳಗೆ ಷೇಡ್ ಮಾಡುವುದು. ಎಷ್ಟೋ ಸಲ ಉತ್ತರ ಸರಿಯಾಗಿಯೇ ಬರುತ್ತಿತ್ತು. ಆ ಚಾಳಿ ಬಿಡಿಸಿದ್ದು ಈ ಲೆಕ್ಕ.

ಪ್ರದೇಶ ಒಂದು ಅರ್ಧ ಡಿಸ್ಕ್: |z| < 2 ಮತ್ತು Im z > 0. ಮ್ಯಾಪ್ w = (z + 1)/(z − 1). ಈ ಅರ್ಧ ಡಿಸ್ಕ್ w-ಸಮತಲದಲ್ಲಿ ಎಲ್ಲಿಗೆ ಹೋಗಿ ಕೂರುತ್ತದೆ?

ನಾನು ಮಾಡಿದ್ದು ಹೀಗೆ. ಮೂಲೆಗಳು −2 ಮತ್ತು 2. −2 ಹಾಕಿದರೆ (−1)/(−3), ಅಂದರೆ 1/3. 2 ಹಾಕಿದರೆ 3. ಕಮಾನಿನ ನೆತ್ತಿ 2i. ಅದನ್ನು ಹಾಕಿ, ಛೇದವನ್ನು ವಾಸ್ತವ ಮಾಡಿಕೊಂಡರೆ (3 − 4i)/5. ಸಹಗುಣಕಗಳೆಲ್ಲ ವಾಸ್ತವ ಸಂಖ್ಯೆಗಳಾದ್ದರಿಂದ ವಾಸ್ತವ ಅಕ್ಷ ವಾಸ್ತವ ಅಕ್ಷಕ್ಕೇ ಹೋಗುತ್ತದೆ. ಹಾಗಾದರೆ ಕೆಳಗಿನ ನೇರ ಅಂಚು 1/3ರಿಂದ 3ರವರೆಗಿನ ತುಂಡು, ಮೇಲಿನ ಕಮಾನು ಅಕ್ಷದ ಕೆಳಗೆ ತೂಗುವ ಅರ್ಧವೃತ್ತ, ಉತ್ತರ ಅದರೊಳಗಿನ ಅರ್ಧ ಡಿಸ್ಕ್. ಚಿತ್ರ ಎಷ್ಟು ಅಂದವಾಗಿ ಬಂದಿತ್ತೆಂದರೆ ಅನುಮಾನವೇ ಬರಲಿಲ್ಲ.

ಮೇಷ್ಟ್ರು ನೋಡಿ ತಪ್ಪು ಎನ್ನಲಿಲ್ಲ. "z = i ಎಲ್ಲಿಗೆ ಹೋಗುತ್ತೆ ನೋಡಪ್ಪ" ಅಂದರು, ಅಷ್ಟೆ. ಹಾಕಿದೆ: (1 + i)/(i − 1) = −i. i ಅರ್ಧ ಡಿಸ್ಕಿನ ನಟ್ಟನಡುವೆ ಇರುವ ಬಿಂದು. −i ನನ್ನ ಚಿತ್ರದ ಅರ್ಧವೃತ್ತದಿಂದ ಹೊರಗೆ, ಎಡಕ್ಕೆ, ದೂರದಲ್ಲಿ ನಿಂತಿತ್ತು.

ತಪ್ಪು ಹೊಕ್ಕಿದ್ದು ನೇರ ಅಂಚಿನಲ್ಲಿ. −2ರಿಂದ 2ಕ್ಕೆ ಹೋಗುವ ದಾರಿಯಲ್ಲಿ z = 1 ಸಿಗುತ್ತದೆ. ಅಲ್ಲಿ ಛೇದ ಸೊನ್ನೆ, ಅದು ಮ್ಯಾಪಿನ ಪೋಲ್. ನಾನು ಎರಡು ತುದಿಗಳನ್ನು ಮಾತ್ರ ನೋಡಿ ನಡುವಿನ ದಾರಿಯನ್ನು ಊಹಿಸಿಕೊಂಡಿದ್ದೆ. ಈಗ ಒಂದೊಂದೇ ಹೆಜ್ಜೆ ನಡೆದು ನೋಡಿದೆ. z = −2 ಇದ್ದಾಗ w = 1/3. z = −1 ಆದಾಗ w = 0. z = 0 ಆದಾಗ w = −1. z = 1/2 ಆದಾಗ w = −3. z = 0.9ಕ್ಕೆ ಬಂದರೆ w = −19. ಅಂದರೆ w ಎಡಕ್ಕೆ ಓಡುತ್ತಾ ಹೋಗಿ ಕಣ್ಮರೆಯಾಗುತ್ತದೆ. z ಒಂದನ್ನು ದಾಟಿ 1.1 ಆದೊಡನೆ w = 21 ಆಗಿ ಬಲತುದಿಯಿಂದ ಪ್ರತ್ಯಕ್ಷ. ಅಲ್ಲಿಂದ ಮತ್ತೆ ಎಡಕ್ಕೇ ಬಂದು 3ರಲ್ಲಿ ನಿಲ್ಲುತ್ತದೆ. ಹಾಗಾಗಿ ನೇರ ಅಂಚಿನ ಬಿಂಬ 1/3ರಿಂದ 3ರವರೆಗಿನ ತುಂಡಲ್ಲ, ಆ ತುಂಡನ್ನು ಬಿಟ್ಟು ಉಳಿದ ಅಕ್ಷವೆಲ್ಲ. ನಾನು ಬಿಡಬೇಕಾದ್ದನ್ನು ತೆಗೆದುಕೊಂಡು, ತೆಗೆದುಕೊಳ್ಳಬೇಕಾದ್ದನ್ನು ಬಿಟ್ಟಿದ್ದೆ.

ಅಂದಿನಿಂದ ನನ್ನ ಮೊದಲ ಕೆಲಸ ಬದಲಾಯಿತು. ಯಾವ ಬಿಂದುವನ್ನೂ ಸೂತ್ರಕ್ಕೆ ಹಾಕುವ ಮುಂಚೆ ಪೋಲ್ ಎಲ್ಲಿದೆ ಎಂದು ನೋಡಿ z-ಚಿತ್ರದಲ್ಲಿ ಅಲ್ಲೊಂದು ಗುಣಾಕಾರದ ಗುರುತು ಹಾಕುತ್ತೇನೆ. ಅಂಚಿನ ಯಾವ ವೃತ್ತ ಅಥವಾ ರೇಖೆ ಪೋಲ್ ಮೂಲಕ ಹಾದುಹೋಗುತ್ತದೋ ಅದರ ಬಿಂಬ ಸರಳರೇಖೆ, ಹಾದುಹೋಗದಿದ್ದರೆ ವೃತ್ತ. ಇದರಲ್ಲಿ ಮೂರನೆಯ ಬಗೆ ಇಲ್ಲ. ನಮ್ಮ ಲೆಕ್ಕದಲ್ಲಿ ವಾಸ್ತವ ಅಕ್ಷ ಪೋಲ್ ಮೂಲಕ ಹೋಗುತ್ತದೆ, |z| = 2 ಹೋಗುವುದಿಲ್ಲ. ಒಂದು ರೇಖೆ, ಒಂದು ವೃತ್ತ ಎಂದು ಒಂದು ಅಂಕಿಯನ್ನೂ ಲೆಕ್ಕ ಹಾಕದೆ ಹೇಳಿಬಿಡಬಹುದು. ಅದಕ್ಕಿಂತ ಮುಖ್ಯವಾದದ್ದು: ಪೋಲ್ ಪ್ರದೇಶದ ಒಳಗಾಗಲಿ ಅಂಚಿನ ಮೇಲಾಗಲಿ ಇದ್ದರೆ, ಬಿಂಬ ಅನಂತದವರೆಗೆ ಹಬ್ಬಲೇಬೇಕು. ನನ್ನ ಮೊದಲ ಉತ್ತರ ಒಂದು ಪುಟ್ಟ ಅರ್ಧ ಡಿಸ್ಕ್. ಪೋಲ್ ಅಂಚಿನ ಮೇಲೆ ಕೂತಿರುವುದನ್ನು ನೋಡಿದ್ದರೆ ಸಾಕಿತ್ತು, ಆ ಉತ್ತರ ಸಾಧ್ಯವೇ ಇಲ್ಲವೆಂದು ಅಲ್ಲೇ ಗೊತ್ತಾಗುತ್ತಿತ್ತು.

ಇನ್ನು ವೃತ್ತ. |z| = 2ರ ಬಿಂಬವನ್ನು ಹಿಡಿಯಲು ಮೂರು ಬಿಂದುಗಳ ಸಮೀಕರಣ ಬಿಡಿಸುತ್ತಾ ಕೂರಬೇಕಿಲ್ಲ. ಮೂಲ ವೃತ್ತ ವಾಸ್ತವ ಅಕ್ಷದ ಎರಡು ಬದಿಗೂ ಸಮವಾಗಿದೆ, ಮ್ಯಾಪ್ ವಾಸ್ತವ ಸಹಗುಣಕಗಳದ್ದು, ಆದ್ದರಿಂದ ಬಿಂಬವೂ ಅಕ್ಷದ ಎರಡು ಬದಿಗೆ ಸಮ. 1/3 ಮತ್ತು 3 ಅದರ ವ್ಯಾಸದ ತುದಿಗಳು. ಕೇಂದ್ರ 5/3, ತ್ರಿಜ್ಯ 4/3. ಸಹಗುಣಕಗಳು ವಾಸ್ತವವಲ್ಲದಿದ್ದರೆ ಈ ಉಪಾಯ ನಡೆಯದು.

ಇಲ್ಲಿ ಇನ್ನೊಂದು ಹಳ್ಳವಿದೆ, ಅದಕ್ಕೂ ನಾನು ಬಿದ್ದಿದ್ದೇನೆ. ವೃತ್ತದ ಕೇಂದ್ರವನ್ನು ಮ್ಯಾಪಿಗೆ ಹಾಕಿದರೆ ಬಿಂಬದ ಕೇಂದ್ರ ಬರುತ್ತದೆ ಎಂದುಕೊಳ್ಳುವುದು. z = 0 ಹೋಗುವುದು −1ಕ್ಕೆ. ಅದು ಹೊಸ ವೃತ್ತದ ಒಳಗೂ ಇಲ್ಲ. ಹಾಗಾದರೆ 5/3 ಯಾವ ಬಿಂದುವಿನ ಬಿಂಬ? ಹಿಂದಕ್ಕೆ ಲೆಕ್ಕ ಹಾಕಿದರೆ z = 4. ಇದು ಆಕಸ್ಮಿಕವಲ್ಲ. ಒಂದು ವೃತ್ತಕ್ಕೆ ಸಂಬಂಧಿಸಿ ಎರಡು ಬಿಂದುಗಳು ಜೋಡಿ ಎನ್ನುವುದು ಯಾವಾಗ ಎಂದರೆ, ಎರಡೂ ಕೇಂದ್ರದಿಂದ ಹೊರಟ ಒಂದೇ ಕಿರಣದ ಮೇಲಿದ್ದು, ಕೇಂದ್ರದಿಂದ ಅವುಗಳ ದೂರಗಳ ಗುಣಲಬ್ಧ ತ್ರಿಜ್ಯದ ವರ್ಗಕ್ಕೆ ಸಮವಾದಾಗ. ಇಲ್ಲಿ 1 × 4 = 2². ಪೋಲ್ 1ರ ಜೋಡಿ 4. ಬೈಲೀನಿಯರ್ ಮ್ಯಾಪ್ ಜೋಡಿಯನ್ನು ಜೋಡಿಯಾಗಿಯೇ ಉಳಿಸುತ್ತದೆ. ಪೋಲ್ ಅನಂತಕ್ಕೆ ಹೋಯಿತು. w-ಸಮತಲದಲ್ಲಿ ಯಾವ ವೃತ್ತಕ್ಕೇ ಆಗಲಿ ಅನಂತದ ಜೋಡಿ ಅದರ ಕೇಂದ್ರ. ಹೀಗಾಗಿ ಪೋಲ್‌ನ ಜೋಡಿ ಬಿಂದುವನ್ನು ಮ್ಯಾಪಿಗೆ ಹಾಕಿದರೆ ನೇರವಾಗಿ ಕೇಂದ್ರವೇ ಸಿಗುತ್ತದೆ. ಸಹಗುಣಕಗಳು ವಾಸ್ತವವಲ್ಲದಾಗ ನಾನು ಹಿಡಿಯುವುದು ಇದೇ ದಾರಿ. ಆಮೇಲೆ ವೃತ್ತದ ಮೇಲಿನ ಯಾವುದಾದರೂ ಒಂದು ಬಿಂದುವಿನ ಬಿಂಬ ಸಿಕ್ಕರೆ ತ್ರಿಜ್ಯವೂ ಸಿಕ್ಕಂತೆ.

ಅಂಚುಗಳು ಸಿಕ್ಕ ಮೇಲೆ ಯಾವ ಬದಿ ಎನ್ನುವ ಪ್ರಶ್ನೆ. ಮೇಷ್ಟ್ರು ಕೊಟ್ಟ i ಇದಕ್ಕೆ ಸಾಕು: −i ಅಕ್ಷದ ಕೆಳಗಿದೆ, 5/3ರಿಂದ ಅದರ ದೂರ ಸುಮಾರು 1.94, ತ್ರಿಜ್ಯ 4/3ಕ್ಕಿಂತ ಹೆಚ್ಚು. ಆದ್ದರಿಂದ ಉತ್ತರ ಕೆಳಗಿನ ಅರ್ಧ ಸಮತಲ, ಅದರಿಂದ |w − 5/3| ≤ 4/3 ಎಂಬ ಭಾಗವನ್ನು ಕಚ್ಚಿ ತೆಗೆದದ್ದು. ನಾನು ಷೇಡ್ ಮಾಡಿದ್ದ ಭಾಗವಷ್ಟೇ ಉತ್ತರದಲ್ಲಿ ಇಲ್ಲ, ಕೆಳಗಿನ ಉಳಿದದ್ದೆಲ್ಲ ಇದೆ! ಬೇರೆ ಬಿಂದು ಹಾಕದೆಯೂ ಇದನ್ನು ತಾಳೆ ನೋಡಬಹುದು. z-ಸಮತಲದಲ್ಲಿ ಅಂಚಿನ ಮೇಲೆ −2ರಿಂದ 2ರ ಕಡೆಗೆ ನಡೆದರೆ ಪ್ರದೇಶ ಎಡಗೈ ಕಡೆ. w-ಸಮತಲದಲ್ಲಿ ನಡಿಗೆ ಎಡಮುಖವಾಗಿದೆ ಎಂದು ಆಗಲೇ ನೋಡಿದೆವು. ಎಡಮುಖವಾಗಿ ನಡೆಯುವವನ ಎಡಗೈ ಕೆಳಗಿನ ಕಡೆ. ಎರಡೂ ಒಂದೇ ಮಾತು ಹೇಳುತ್ತವೆ. ಮೂಲೆಗಳಲ್ಲಿ ಮೊದಲು 90 ಡಿಗ್ರಿ ಇತ್ತು, 1/3 ಮತ್ತು 3ರಲ್ಲಿ ಈಗಲೂ 90 ಡಿಗ್ರಿಯೇ. ಆದರೆ ಕೋನದ ತಾಳೆಯೊಂದನ್ನೇ ನಂಬಬೇಡಿ. ನನ್ನ ತಪ್ಪು ಚಿತ್ರದಲ್ಲೂ ಎರಡು ಮೂಲೆಗಳು 90 ಡಿಗ್ರಿಯೇ ಇದ್ದವು.

ಚಿತ್ರವೇ ಬೇಡ ಎನ್ನುವವರಿಗೆ ಬೀಜಗಣಿತದ ದಾರಿ ಇದೆ, ಅದರಲ್ಲಿ ಬದಿಯ ಗೊಂದಲ ತಾನಾಗಿಯೇ ತೀರುತ್ತದೆ. w = (z + 1)/(z − 1) ತಿರುಗಿಸಿದರೆ z = (w + 1)/(w − 1), ಅದೇ ಸೂತ್ರ. |z| < 2 ಅಂದರೆ |w + 1| < 2|w − 1|. w = u + iv ಎಂದಿಟ್ಟು ವರ್ಗ ಮಾಡಿ ಸರಿಸಿದರೆ 3u² − 10u + 3 + 3v² > 0, ಅಂದರೆ (u − 5/3)² + v² > 16/9. ಅಸಮತೆಯ ಚಿಹ್ನೆ ಮೊದಲಿನಿಂದ ಕೊನೆಯವರೆಗೆ ಜೊತೆಯಲ್ಲೇ ಬರುವುದರಿಂದ "ಹೊರಗೆ" ಎಂಬುದು ಸಮೀಕರಣದ ಬಾಯಿಂದಲೇ ಬಂತು. Im z > 0 ಎನ್ನುವುದು v < 0 ಆಗುತ್ತದೆ. ನಾನು ಚಿತ್ರವನ್ನೇ ಮೊದಲು ಬರೆಯುವವನು, ಆದರೂ ಕೊನೆಗೆ ಇದನ್ನು ಒಮ್ಮೆ ಮಾಡಿಬಿಡುತ್ತೇನೆ. ಕಂಪ್ಯೂಟರ್ ಮುಂದೆ ಇದ್ದರೆ ಇಷ್ಟು ಸಾಲು:

```python
import random
bad = 0
for _ in range(100000):
    z = complex(random.uniform(-2, 2), random.uniform(0, 2))
    if abs(z) < 2 and z.imag > 0:
        w = (z + 1) / (z - 1)
        if not (w.imag < 0 and abs(w - 5/3) > 4/3):
            bad += 1
print(bad)
```

0 ಬಂದರೆ ಬಿಂಬ ನಾವು ಹೇಳಿದ ಪ್ರದೇಶದೊಳಗೇ ಇದೆ ಎಂದಷ್ಟೇ ಅರ್ಥ. ಇಡೀ ಪ್ರದೇಶ ತುಂಬಿದೆಯೇ ಎನ್ನುವುದನ್ನು ಇದು ಹೇಳುವುದಿಲ್ಲ. ಅದಕ್ಕೆ w-ಬಿಂದುಗಳನ್ನು ಆರಿಸಿ ಹಿಂದಕ್ಕೆ ಕಳಿಸಿ ನೋಡಬೇಕು. ಮೇಲಿನ ಅಸಮತೆಯ ಪ್ರತಿ ಹೆಜ್ಜೆಯೂ ಎರಡು ದಿಕ್ಕಿಗೂ ನಿಲ್ಲುವುದರಿಂದ ಅಲ್ಲಿ ಆ ಕೊರತೆ ಇಲ್ಲ.

ಆಮೇಲೆ ಕುತೂಹಲಕ್ಕೆ ಇದೇ ಮ್ಯಾಪ್ ಇಟ್ಟುಕೊಂಡು ಅರ್ಧ ಡಿಸ್ಕಿನ ತ್ರಿಜ್ಯವನ್ನು ಮಾತ್ರ ಬದಲಾಯಿಸಿ ನೋಡಿದೆ. ತ್ರಿಜ್ಯ 1/2 ಇದ್ದಾಗ ಪೋಲ್ ಹೊರಗಿದೆ. ಮೂಲೆಗಳು −1/3 ಮತ್ತು −3ಕ್ಕೆ ಹೋಗುತ್ತವೆ, ಬಿಂಬ −5/3 ಕೇಂದ್ರ, 4/3 ತ್ರಿಜ್ಯದ ಕೆಳಗಿನ ಅರ್ಧ ಡಿಸ್ಕ್. ಇಲ್ಲಿ ನನ್ನ ಹಳೆಯ ಚಾಳಿಯೂ ಸರಿ ಉತ್ತರವನ್ನೇ ಕೊಡುತ್ತದೆ. ಅದು ಅಷ್ಟು ದಿನ ಬದುಕಿದ್ದು ಇಂಥ ಲೆಕ್ಕಗಳಿಂದಲೇ. ತ್ರಿಜ್ಯ ದೊಡ್ಡದಾದಂತೆ ಬಿಂಬದ ಡಿಸ್ಕ್ ಎಡಕ್ಕೆ ಊದಿಕೊಳ್ಳುತ್ತಾ ಹೋಗುತ್ತದೆ. ತ್ರಿಜ್ಯ ಸರಿಯಾಗಿ 1 ಆದಾಗ ಪೋಲ್ ಬಲಮೂಲೆಯ ಮೇಲೇ ಬಂದು ಕೂರುತ್ತದೆ. ಎರಡು ಅಂಚುಗಳೂ ಪೋಲ್ ಮೂಲಕ ಹೋಗುವುದರಿಂದ ಎರಡೂ ರೇಖೆಗಳಾಗುತ್ತವೆ: ಕಮಾನು ಕಾಲ್ಪನಿಕ ಅಕ್ಷವಾಗಿ, ಬಿಂಬ ಮೂರನೆಯ ಚತುರ್ಥಾಂಶ. 1ನ್ನು ದಾಟಿದ ಮರುಕ್ಷಣ ಕಮಾನಿನ ಆ ನೇರ ಬಿಂಬ ಬಲಕ್ಕೆ ಬಾಗಿ ಮತ್ತೆ ವೃತ್ತವಾಗುತ್ತದೆ, ಆದರೆ ಪ್ರದೇಶ ಈಗ ಅದರ ಹೊರಗೆ. ಪೋಲ್ ವೃತ್ತದ ಒಳಗೆ ಬಂತು, ಬಿಂಬ ಮಗುಚಿಕೊಂಡಿತು.